ರೂಪಾಯಿ ಠೇವಣಿಯೋ, ಡಾಲರ್ ಠೇವಣಿಯೋ?

ಕೇಳುಗರಿಗೆ ನಮಸ್ಕಾರ.

ಅಮೆರಿಕದಲ್ಲಿರುವ ಮಗನಿಗೆ ಊರಿನಿಂದ ಅಪ್ಪ ಫೋನಿನಲ್ಲಿ ಹೇಳುತ್ತಾರೆ: "ಅಲ್ಲಿ 4 ಪರ್ಸೆಂಟ್ ಬಡ್ಡಿಗೆ ಯಾಕೋ ಇಡ್ತೀಯ? ಇಲ್ಲಿ ಎನ್‌ಆರ್‌ಇ ಖಾತೆಯಲ್ಲಿ ಎಫ್‌ಡಿ ಮಾಡು, 7 ಸಿಗುತ್ತೆ." ಎನ್‌ಆರ್‌ಇ ಅಂದರೆ ಹೊರದೇಶದಲ್ಲಿರುವವರು ಅಲ್ಲಿ ದುಡಿದ ಹಣವನ್ನು ಇಲ್ಲಿ ರೂಪಾಯಿಯಲ್ಲಿ ಇಡುವ ಖಾತೆ. ಅಪ್ಪನ ಮಾತು ಕೇಳಲು ಸರಿ ಅನ್ನಿಸುತ್ತದೆ. ಆದರೆ ಆ 7 ಪರ್ಸೆಂಟ್ ರೂಪಾಯಿಯಲ್ಲಿ ಸಿಗುವ ಬಡ್ಡಿ, ಈ 4 ಪರ್ಸೆಂಟ್ ಡಾಲರಿನಲ್ಲಿ ಸಿಗುವ ಬಡ್ಡಿ. ಎರಡನ್ನೂ ನೇರವಾಗಿ ಹೋಲಿಸಲು ಬರುವುದಿಲ್ಲ.

ಲೆಕ್ಕ ಹಾಕಿಯೇ ನೋಡೋಣ. ಮಗನ ಹತ್ತಿರ 10,000 ಡಾಲರ್ ಇದೆ, ಡಾಲರಿಗೆ 85 ರೂಪಾಯಿ ಅಂದುಕೊಳ್ಳಿ. ಅಲ್ಲೇ ಬಿಟ್ಟರೆ ಚಕ್ರಬಡ್ಡಿ ಸೇರಿ 5 ವರ್ಷಕ್ಕೆ ಸುಮಾರು 12,167 ಡಾಲರ್ ಆಗುತ್ತದೆ. ಇಲ್ಲಿಗೆ ತಂದರೆ 8 ಲಕ್ಷ 50 ಸಾವಿರ ರೂಪಾಯಿ, ಅದು ಬೆಳೆದು ಸುಮಾರು 11 ಲಕ್ಷ 92 ಸಾವಿರ.

ಈಗ ರೂಪಾಯಿ ಮೊತ್ತವನ್ನು ಡಾಲರ್ ಮೊತ್ತದಿಂದ ಭಾಗಿಸಿ. 98 ಬರುತ್ತದೆ. ಇಡೀ ವಿಷಯ ಇರುವುದು ಈ ಒಂದು ಅಂಕಿಯಲ್ಲಿ. 5 ವರ್ಷದ ಕೊನೆಗೆ ಡಾಲರ್ 98ಕ್ಕಿಂತ ಕೆಳಗಿದ್ದರೆ ಅಪ್ಪ ಹೇಳಿದ್ದು ಸರಿ. ಮೇಲೆ ಹೋದರೆ ದುಡ್ಡು ಅಲ್ಲೇ ಇರಬೇಕಿತ್ತು. ರೂಪಾಯಿಯಲ್ಲಿ ಎಣಿಸಿ, ಡಾಲರಿನಲ್ಲಿ ಎಣಿಸಿ, ಈ ಗಡಿ ಬದಲಾಗುವುದಿಲ್ಲ.

ಹಾಗಾದರೆ 98 ದಾಟುತ್ತದಾ? ಅದಕ್ಕೆ ಡಾಲರ್ ವರ್ಷಕ್ಕೆ 2.9 ಪರ್ಸೆಂಟ್‌ನಷ್ಟು ಏರಿದರೆ ಸಾಕು. 2019ರ ಕೊನೆಯಲ್ಲಿ ಸುಮಾರು 71 ಇದ್ದದ್ದು 2024ರ ಕೊನೆಗೆ 85 ದಾಟಿತ್ತು. ಅಂದರೆ ವರ್ಷಕ್ಕೆ ಹತ್ತಿರ ಹತ್ತಿರ 4 ಪರ್ಸೆಂಟ್. ಅದೇ ವೇಗದಲ್ಲಿ ಹೋದರೆ ಡಾಲರ್ 103 ಆಗುತ್ತದೆ. ಆಗ ಇಲ್ಲಿಟ್ಟ ಹಣಕ್ಕೆ ಸಿಗುವುದು ಸುಮಾರು 11,500 ಡಾಲರ್ ಮಾತ್ರ, ಅಲ್ಲಿಟ್ಟಿದ್ದಕ್ಕಿಂತ ಆರುನೂರು ಚಿಲ್ಲರೆ ಕಡಿಮೆ. ಆದರೆ ರೂಪಾಯಿ ಯಾವಾಗಲೂ ಇಳಿಯುತ್ತಲೇ ಇರುತ್ತದೆ ಅಂತಲೂ ಅಲ್ಲ. 2002ರ ಕೊನೆಗೆ 48 ಇದ್ದ ಡಾಲರ್ 2007ರ ಕೊನೆಗೆ 40ರ ಒಳಗೆ ಬಂದಿತ್ತು. ಆ 5 ವರ್ಷ ರೂಪಾಯಿಯಲ್ಲಿ ಇಟ್ಟವರಿಗೆ ಎರಡು ಕಡೆಯಿಂದಲೂ ಲಾಭ.

ಇನ್ನೊಂದು ಖರ್ಚನ್ನು ಜನ ಮರೆತೇಬಿಡುತ್ತಾರೆ. ಹಣ ಬದಲಾಯಿಸುವಾಗ ಬ್ಯಾಂಕು ಮಾರುಕಟ್ಟೆ ದರ ಕೊಡುವುದಿಲ್ಲ. ಬರುವಾಗ 1 ಪರ್ಸೆಂಟ್, ವಾಪಸ್ ಹೋಗುವಾಗ 1 ಪರ್ಸೆಂಟ್ ಹೋಯಿತು ಅನ್ನಿ, ಗಡಿ 98ರಿಂದ 96ಕ್ಕೆ ಇಳಿಯುತ್ತದೆ. ತೆರಿಗೆಯೂ ಇದೆ. ಎನ್‌ಆರ್‌ಇ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ನಿಜ. ಆದರೆ ಅಮೆರಿಕದಲ್ಲಿ ನೆಲೆಸಿದವರು ಅದನ್ನು ಅಲ್ಲಿ ತೋರಿಸಿ ತೆರಿಗೆ ಕಟ್ಟಲೇಬೇಕು. ದುಬೈನಲ್ಲಿರುವವರಿಗೆ ಈ ಗೋಳಿಲ್ಲ.

ನನ್ನನ್ನು ಕೇಳಿದರೆ, ಆ ದುಡ್ಡು ಎಲ್ಲಿ ಖರ್ಚಾಗುತ್ತದೆ ಅನ್ನುವುದನ್ನು ಮೊದಲು ನೋಡಿ. ಮಗ ಮೈಸೂರಿಗೆ ಬಂದು ಮನೆ ಕಟ್ಟುವವನಾದರೆ ರೂಪಾಯಿಯಲ್ಲೇ ಇಡಲಿ. ಡಾಲರ್ ಏರಿದರೂ ಅವನ ಕೈಗೆ ಬರುವ 11 ಲಕ್ಷ 92 ಸಾವಿರ ಕರಗುವುದಿಲ್ಲ. ಮೊಮ್ಮಗಳ ಕಾಲೇಜು ಫೀಸನ್ನು ಅಲ್ಲೇ ಕಟ್ಟಬೇಕಿದ್ದರೆ, 98ರ ಮೇಲೆ ಸುಮ್ನೆ ಜೂಜಾಡುವುದು ಬೇಡ. ಭಾರತದ ಬ್ಯಾಂಕೇ ಬೇಕು ಅನ್ನುವವರಿಗೆ ಎಫ್‌ಸಿಎನ್‌ಆರ್ ಠೇವಣಿ ಇದೆ. ಅದು 1ರಿಂದ 5 ವರ್ಷದವರೆಗೆ ಡಾಲರಿನಲ್ಲೇ ಇರುತ್ತದೆ, ಡಾಲರಿನಲ್ಲೇ ವಾಪಸ್ ಬರುತ್ತದೆ.