ಅವಳು ಯೋಚಿಸಿದಳೋ, ಅವಳಿಗೆ ಅನ್ನಿಸಿತೋ?

(ಪರದೆಯ ಮೇಲೆ: ಬೆರಳಚ್ಚಾದ ಎರಡು ಹಾಳೆ. ‘ಯೋಚಿಸಿದಳು’ ಎಂಬ ಪದದ ಕೆಳಗೆ ಒಂಬತ್ತು ಕಡೆ ಕೆಂಪು ಗೆರೆ.)

ನಮಸ್ಕಾರ. ಈ ಹಾಳೆಗಳು ನನ್ನವೇ. ಎಂದೋ ಶುರು ಮಾಡಿ ಕೈಬಿಟ್ಟ ಕಾದಂಬರಿಯೊಂದರ ಮೂರನೆಯ ಅಧ್ಯಾಯ. ಎರಡು ಪುಟದಲ್ಲಿ ಒಂಬತ್ತು ಸಲ ‘ಯೋಚಿಸಿದಳು’ ಎಂದು ಬರೆದಿದ್ದೇನೆ. ಓದಿದ ಗೆಳೆಯರೊಬ್ಬರು, “ನಿಮ್ಮ ನಾಯಕಿಗೆ ಬೇರೆ ಕೆಲಸವೇ ಇಲ್ಲವೇ?” ಎಂದು ಕೇಳಿದರು.

ಆಗ ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ನಿಘಂಟು ತೆಗೆದೆ. ಒಂದು ಕಡೆ ಆಲೋಚಿಸಿದಳು, ಇನ್ನೊಂದು ಕಡೆ ಚಿಂತಿಸಿದಳು, ಮತ್ತೊಂದು ಕಡೆ ಮನನ ಮಾಡಿದಳು, ಪರ್ಯಾಲೋಚಿಸಿದಳು ಎಂದು ತಿದ್ದುತ್ತಾ ಹೋದೆ. ಅಧ್ಯಾಯ ಮೊದಲಿಗಿಂತ ಕೆಟ್ಟಿತು. ಅಡಿಕೆ ತೋಟದ ವಿಧವೆಯೊಬ್ಬಳು ಇದ್ದಕ್ಕಿದ್ದಂತೆ ಮಠದಲ್ಲಿ ಪ್ರವಚನ ಮಾಡುವವರ ಹಾಗೆ ಕಾಣತೊಡಗಿದಳು.

ಏಕೆ ಹಾಗಾಯಿತು? ಅದನ್ನು ಹೇಳುವುದಕ್ಕೇ ಈ ವಿಡಿಯೋ. ಸನ್ನಿವೇಶ ಇಷ್ಟು: ಸಾಗರದ ಕಡೆಯ ಒಂದು ಹಳ್ಳಿ. ಪಾರ್ವತಮ್ಮ ಎಂಬ ಹೆಂಗಸು. ಬೆಂಗಳೂರಿನಲ್ಲಿರುವ ಮಗ ತೋಟ ಮಾರುವ ಕರಾರು ಪತ್ರ ತಂದು ಅವಳ ಕೈಗೆ ಕೊಟ್ಟು, ಊಟ ಮಾಡಿ ಒಳಗೆ ಮಲಗಿದ್ದಾನೆ. ಅವಳು ಜಗಲಿಯಲ್ಲಿ ಕೂತಿದ್ದಾಳೆ. ನಾನು ಬರೆದದ್ದು ಹೀಗಿತ್ತು.

(ಪರದೆಯ ಮೇಲೆ ನಿಧಾನವಾಗಿ ಮೂಡುವ ಸಾಲುಗಳು)

“ಪಾರ್ವತಮ್ಮ ಜಗಲಿಯಲ್ಲಿ ಕೂತು ಯೋಚಿಸಿದಳು. ಮಗ ಹೇಳುವುದು ಸರಿ ಎಂದು ಯೋಚಿಸಿದಳು. ಗಂಡ ನೆಟ್ಟ ಮರಗಳ ಬಗ್ಗೆ ಯೋಚಿಸಿದಳು. ಸಹಿ ಹಾಕದಿದ್ದರೆ ಏನಾದೀತು ಎಂದು ಯೋಚಿಸಿದಳು. ಸೊಸೆ ಏಕೆ ಬಂದಿಲ್ಲ ಎಂದು ಯೋಚಿಸಿದಳು.”

ಇಂಗ್ಲಿಷ್ ಕಾದಂಬರಿ ಓದಿ ಬೆಳೆದವರಿಗೆ ಇಲ್ಲಿ ಪಾಂಡರ್, ರಿಫ್ಲೆಕ್ಟ್, ಕಾಂಟೆಂಪ್ಲೇಟ್, ಬ್ರೂಡ್ ಎಂಬ ಪದಗಳ ಸಾಲು ನೆನಪಾಗುತ್ತದೆ. ಒಂದೊಂದರ ಹೊಟ್ಟೆಯಲ್ಲಿ ಒಂದೊಂದು ಚಿತ್ರವಿದೆ. ಪಾಂಡರ್ ಎಂದರೆ ಲ್ಯಾಟಿನ್ ಮೂಲದಲ್ಲಿ ತೂಗುವುದು. ರಿಫ್ಲೆಕ್ಟ್ ಎಂದರೆ ಹಿಂದಕ್ಕೆ ಬಾಗಿಸುವುದು. ಬ್ರೂಡ್ ಎಂದರೆ ಕೋಳಿ ಮೊಟ್ಟೆಯ ಮೇಲೆ ಕಾವಿಗೆ ಕೂರುವುದು. ಚಿತ್ರಗಳು ಬೇರೆ ಬೇರೆಯಾದರೂ ವಾಕ್ಯದ ಕಟ್ಟು ಮಾತ್ರ ಒಂದೇ: ಎಲ್ಲದರಲ್ಲೂ ‘ಅವಳು’ ಕರ್ತೃ, ಯೋಚನೆ ಅವಳು ಮಾಡುವ ಕೆಲಸ.

ಕನ್ನಡ ಮೊದಲು ಕೇಳುವ ಪ್ರಶ್ನೆಯೇ ಬೇರೆ. ಯೋಚನೆಯ ಲಗಾಮು ಯಾರ ಕೈಯಲ್ಲಿದೆ? ಅವಳು ಯೋಚಿಸಿದಳು. ಅವಳಿಗೆ ಅನ್ನಿಸಿತು. ಅವಳನ್ನು ಆ ಮಾತು ಕೊರೆಯಿತು.

(ಪರದೆಯ ಮೇಲೆ: ಅವಳು – ಅವಳಿಗೆ – ಅವಳನ್ನು)

ಮೊದಲನೆಯದರಲ್ಲಿ ಅವಳೇ ಯೋಚನೆಯನ್ನು ನಡೆಸುತ್ತಾಳೆ. ಎರಡನೆಯದರಲ್ಲಿ ಯೋಚನೆ ತಾನಾಗಿಯೇ ಅವಳ ಬಳಿಗೆ ಬರುತ್ತದೆ. ಮೂರನೆಯದರಲ್ಲಿ ಯೋಚನೆಯೇ ಅವಳ ಮೇಲೆ ಬೀಳುತ್ತದೆ. ಪದಕ್ಕಿಂತ ಮೊದಲು ವಿಭಕ್ತಿಯನ್ನು ಆರಿಸಬೇಕಿತ್ತು. ನಾನು ಆ ಕಡೆ ನೋಡಲೇ ಇಲ್ಲ. ಒಂಬತ್ತೂ ಕಡೆ ‘ಅವಳು’ ಇಟ್ಟುಕೊಂಡು ಬಾಲದ ಕ್ರಿಯಾಪದವನ್ನಷ್ಟೇ ಬದಲಿಸುತ್ತಿದ್ದೆ.

ಈಗ ‘ಮಗ ಹೇಳುವುದು ಸರಿ’ ಎಂಬ ವಾಕ್ಯವನ್ನು ನೋಡೋಣ. ಅವಳು ಕೂತು ತರ್ಕಿಸಿ ಈ ತೀರ್ಮಾನಕ್ಕೆ ಬಂದಳೇ? ಇಲ್ಲ, ಸುಸ್ತಾದ ಹೊತ್ತಿನಲ್ಲಿ ಹಾಗೆ ಅನ್ನಿಸಿತು. ಗುರುತಿಸುವುದಕ್ಕೆ ಸುಲಭದ ದಾರಿಯೊಂದಿದೆ: ಅಪ್ಪಣೆ ಕೊಟ್ಟು ನೋಡಿ. “ಸ್ವಲ್ಪ ಯೋಚಿಸು” ಎಂದು ಯಾರಿಗಾದರೂ ಹೇಳಬಹುದು. “ನಿನಗೆ ಅನ್ನಿಸು” ಎಂದು ಹೇಳಲಾಗುವುದಿಲ್ಲ. ‘ಅನ್ನಿಸಿತು’ ಎಂದ ಮೇಲೆ ಪಾತ್ರದ ಮೇಲೆ ಹೊಣೆ ಇಲ್ಲ. ನಾಳೆ ಬೆಳಿಗ್ಗೆ ಬೇರೆ ಅನ್ನಿಸಬಹುದು, ಓದುಗರು ಅದನ್ನು ಮೋಸ ಎನ್ನುವುದಿಲ್ಲ.

ಅದರ ಪಕ್ಕದಲ್ಲೇ ‘ಅಂದುಕೊಂಡಳು’ ಇದೆ. ತನಗೆ ತಾನೇ ಹೇಳಿಕೊಂಡಳು ಎಂದರ್ಥ. ‘ಕೊಳ್ಳು’ ಎಂಬ ಬಾಲ ಮಾತನ್ನು ಒಳಕ್ಕೆ ತಿರುಗಿಸುತ್ತದೆ. ಒಳಗಿನ ಮಾತಿಗೆ ಇಷ್ಟು ಒಗ್ಗುವ ಕ್ರಿಯಾಪದ ಇನ್ನೊಂದಿಲ್ಲ ಎಂದೇ ನನ್ನ ಲೆಕ್ಕ. ಆದರೆ ಒಂದು ಅಪಾಯವಿದೆ. “ಬಸ್ಸು ಆರು ಗಂಟೆಗೆ ಎಂದುಕೊಂಡಿದ್ದೆ” ಎಂದು ಯಾರಾದರೂ ಹೇಳಿದರೆ ನಿಮಗೆ ಏನು ಅರ್ಥವಾಗುತ್ತದೆ? ಬಸ್ಸು ಆರಕ್ಕೆ ಇರಲಿಲ್ಲ ಎಂದು. ‘ಎಂದುಕೊಂಡಿದ್ದಳು’ ಎಂಬ ರೂಪಕ್ಕೆ ಬಂದ ಕೂಡಲೇ ಎಣಿಕೆ ತಪ್ಪಿತು ಎಂಬ ಸುಳಿವು ಸೇರಿಕೊಳ್ಳುತ್ತದೆ. “ಮಗ ತನ್ನ ಒಳ್ಳೆಯದಕ್ಕೇ ಹೇಳುತ್ತಿದ್ದಾನೆ ಎಂದುಕೊಂಡಿದ್ದಳು” ಎಂದು ಮೂರನೆಯ ಅಧ್ಯಾಯದಲ್ಲೇ ಬರೆದರೆ, ಹತ್ತನೆಯ ಅಧ್ಯಾಯಕ್ಕೆ ಬಚ್ಚಿಟ್ಟ ಗುಟ್ಟು ಅಲ್ಲೇ ಬಯಲು. ನಾನು ಹಾಗೆಯೇ ಬರೆದಿದ್ದೆ, ಎರಡು ಕಡೆ.

ಇನ್ನು ಗಂಡ ನೆಟ್ಟ ಮರಗಳು. ‘ನೆನಪಾಯಿತು’ ಎಂದರೆ ನೆನಪು ತಾನಾಗಿ ಬಂತು, ಆದ್ದರಿಂದ ‘ಅವಳಿಗೆ’. ‘ನೆನೆದಳು’ ಎಂದರೆ ಅವಳೇ ಮನಸ್ಸನ್ನು ಆ ಕಡೆ ಕಳಿಸಿದಳು. ದೇವರನ್ನು ನೆನೆಯುತ್ತೇವಲ್ಲ, ಆ ಭಕ್ತಿಯ, ಪ್ರೀತಿಯ ಬಣ್ಣ ಅದಕ್ಕಿದೆ. ಮೂರನೆಯದು ಮೆಲುಕು ಹಾಕುವುದು, ಇಲ್ಲಿ ಅನುವಾದಕರು ಎಡವುವುದುಂಟು. ಇಂಗ್ಲಿಷಿನ ರೂಮಿನೇಟ್ ಎಂಬ ಪದದ ಮೂಲದಲ್ಲಿರುವುದೂ ಮೆಲುಕು ಹಾಕುವ ಪ್ರಾಣಿಯೇ. ಆದರೆ ಮನಃಶಾಸ್ತ್ರದವರು ಅದನ್ನು ಹಳೆಯ ನೋವನ್ನೇ ಬಿಡದೆ ಕೆದಕುತ್ತಾ ಸುತ್ತುವ ಮನಸ್ಸಿಗೆ ಬಳಸುತ್ತಾರೆ. ಕನ್ನಡದ ಹಸುವಿಗೆ ಅಂಥ ಕಾಯಿಲೆ ಇಲ್ಲ. ಮೇದು ಬಂದು, ನೆರಳಲ್ಲಿ ಮಲಗಿ, ಅವಸರವಿಲ್ಲದೆ ಮೆಲ್ಲುತ್ತದೆ. ಆದ್ದರಿಂದ ನಾವು ಮೆಲುಕು ಹಾಕುವುದು ಬಾಲ್ಯವನ್ನು, ಜಾತ್ರೆಯನ್ನು, ಹಳೆಯ ಗೆಳೆತನವನ್ನು. “ಅವಳು ತನ್ನ ಅವಮಾನವನ್ನು ಮೆಲುಕು ಹಾಕಿದಳು” ಎಂದರೆ ಅವಮಾನ ರುಚಿಯಾಗಿತ್ತು ಎಂದಂತಾಗುತ್ತದೆ.

(ಪರದೆಯ ಮೇಲೆ: ಚಿಂತೆ, ಚಿಂತನೆ, ಚಿಂತಕ, ಚಿಂತಿಸು)

ಹಾಗಾದರೆ ಬ್ರೂಡ್ ಎಂಬುದಕ್ಕೆ ಕನ್ನಡದಲ್ಲಿ ಏನು? ತಟ್ಟನೆ ಬಾಯಿಗೆ ಬರುವುದು ‘ಚಿಂತಿಸು’. ಈ ಕುಟುಂಬವೇ ವಿಚಿತ್ರ. ಒಂದೇ ಸಂಸ್ಕೃತ ಧಾತುವಿನಿಂದ ಬಂದ ಅಣ್ಣತಮ್ಮಂದಿರು ಬೇರೆ ಬೇರೆ ಮನೆ ಮಾಡಿಕೊಂಡಿದ್ದಾರೆ. ಚಿಂತನೆ ವೇದಿಕೆಯ ಮೇಲಿದೆ, ಚಿಂತಕರು ಅಲ್ಲೇ ಶಾಲು ಹೊದ್ದು ಕೂತಿದ್ದಾರೆ. ಚಿಂತೆ ಮಾತ್ರ ಮನೆಯಲ್ಲಿ, ನಿದ್ದೆ ಬಾರದವರ ದಿಂಬಿನ ಪಕ್ಕದಲ್ಲಿದೆ. ಚಿತೆಗೂ ಚಿಂತೆಗೂ ಒಂದು ಸೊನ್ನೆಯಷ್ಟೇ ವ್ಯತ್ಯಾಸ, ಒಂದು ಸತ್ತವರನ್ನು ಸುಡುತ್ತದೆ, ಇನ್ನೊಂದು ಬದುಕಿರುವವರನ್ನು ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ‘ಚಿಂತಿಸು’ ಎಂಬ ಕ್ರಿಯಾಪದಕ್ಕೆ ಎರಡೂ ಮನೆಯಲ್ಲಿ ಒಂದೊಂದು ಕಾಲು. “ತೋಟದ ಬಗ್ಗೆ ಚಿಂತಿಸಿದಳು” ಎಂದರೆ ವಿಚಾರ ಮಾಡಿದಳೋ, ಕಳವಳಪಟ್ಟಳೋ ತಿಳಿಯುವುದಿಲ್ಲ. ಕತೆಯಲ್ಲಿ ಓದುಗರು ಕಳವಳವನ್ನೇ ಹಿಡಿಯುತ್ತಾರೆ.

ನನಗೆ ತೋರುವಂತೆ ಬ್ರೂಡ್ ಎಂಬ ಒಂದು ಪದವನ್ನು ಕನ್ನಡ ಮೂರಾಗಿ ಸೀಳುತ್ತದೆ. ಒಳಗಿರುವುದು ದುಃಖವಾದರೆ ಕೊರಗುವುದು. ಸಿಟ್ಟಾದರೆ ಒಳಗೊಳಗೇ ಕುದಿಯುವುದು. ಯಾರೋ ಆಡಿದ ಒಂದು ಮಾತು ಹೊಕ್ಕು ಕೂತಿದ್ದರೆ ಅದು ಕೊರೆಯುವುದು, ಆಗ ‘ಅವಳನ್ನು’. ಇವುಗಳಲ್ಲಿ ಕೊರಗಿಗೆ ಕಾಲ ಬೇಕು. “ಆ ಸಂಜೆ ಕೊರಗಿದಳು” ಎಂಬುದು ಪೊಳ್ಳಾಗಿ ಕೇಳಿಸುತ್ತದೆ. “ಮಗಳು ಹೋದ ಮೇಲೆ ಕೊರಗುತ್ತಲೇ ಇದ್ದಳು”, “ಕೊರಗಿ ಕೊರಗಿ ಇಳಿದುಹೋದಳು” ಎಂಬಲ್ಲಿ ಪದ ತನ್ನ ಪೂರ್ತಿ ತೂಕಕ್ಕೆ ಬರುತ್ತದೆ. ಪಾರ್ವತಮ್ಮನದು ಒಂದೇ ರಾತ್ರಿ, ಅಲ್ಲಿ ಕೊರಗು ಹಿಡಿಸದು.

ಕಾಂಟೆಂಪ್ಲೇಟ್ ಎಂಬುದನ್ನು ಹೆಚ್ಚು ಎಳೆಯುವುದಿಲ್ಲ. ಅದಕ್ಕೆ ಹತ್ತಿರದ ಮನನ ಎಂಬ ಪದ ಶ್ರವಣ, ಮನನ, ನಿದಿಧ್ಯಾಸನ ಎಂಬ ವೇದಾಂತದ ಸಾಲಿನಿಂದ ಬಂದದ್ದು. ಕೇಳಿದ್ದನ್ನು ಮನಸ್ಸಿನಲ್ಲಿ ವಿಚಾರ ಮಾಡಿ ಗಟ್ಟಿ ಮಾಡಿಕೊಳ್ಳುವ ಹಂತ ಅದು. ಕರಾರು ಪತ್ರವನ್ನು ಯಾರೂ ಮನನ ಮಾಡುವುದಿಲ್ಲ. ಪಾಂಡರ್ ಎಂಬುದಕ್ಕಂತೂ ಅಳೆದು ತೂಗುವುದು ಎಂಬ ಪಕ್ಕಾ ಜೋಡಿ ನಮ್ಮಲ್ಲೇ ಇದೆ.

(ಪರದೆಯ ಮೇಲೆ: “ಅವಳು ಒಪ್ಪಬಾರದಿತ್ತು.” / “ತಾನು ಒಪ್ಪಬಾರದಿತ್ತು.”)

ಇಷ್ಟು ಹೊತ್ತು ಕ್ರಿಯಾಪದಗಳನ್ನು ಆರಿಸಿದೆವು. ಈಗ ಅವುಗಳನ್ನು ಕಿತ್ತುಹಾಕುವ ಕೆಲಸ. ಪರದೆಯ ಮೇಲಿನ ಎರಡು ವಾಕ್ಯಗಳಲ್ಲಿ ಮೊದಲನೆಯದು ನಿರೂಪಕನ ಅಭಿಪ್ರಾಯ. ಎರಡನೆಯದು ಅವಳ ಮನಸ್ಸಿನ ಮಾತು. ‘ಎಂದು ಯೋಚಿಸಿದಳು’ ಎಂಬ ಬಾಲವೇ ಇಲ್ಲದೆ, ‘ತಾನು’ ಎಂಬ ಒಂದೇ ಪದ ನಮ್ಮನ್ನು ಅವಳ ತಲೆಯೊಳಗೆ ಇಳಿಸಿತು. ಯಾರ ಮಾತೋ, ಯಾರ ಮನಸ್ಸೋ ಅವರನ್ನೇ ತಿರುಗಿ ತೋರಿಸುವುದು ಈ ಸರ್ವನಾಮದ ಗುಣ. ಇಂಗ್ಲಿಷಿನಲ್ಲಿ ಇದಕ್ಕೆ ನೇರ ಸಾಟಿ ಇಲ್ಲ. ಪಾತ್ರದ ಯೋಚನೆಯನ್ನು ನಿರೂಪಕನ ವ್ಯಾಕರಣದಲ್ಲೇ ಹರಿಯಬಿಡುವ ಈ ಕ್ರಮವನ್ನು ಡಾರಿಟ್ ಕಾನ್ ಎಂಬ ವಿದ್ವಾಂಸೆ 1978ರ ತಮ್ಮ ಪುಸ್ತಕದಲ್ಲಿ ನಿರೂಪಿತ ಸ್ವಗತ ಎಂಬರ್ಥದ ಹೆಸರಿನಲ್ಲಿ ವಿವರಿಸಿದರು. ಅಲ್ಲಿ ಅದಕ್ಕೆ ಕಾಲ, ಧಾಟಿ ಎಲ್ಲವನ್ನೂ ಸರಿಹೊಂದಿಸಬೇಕು. ನಮಗೆ ‘ತಾನು’ ಇದೆ, ಜೊತೆಗೆ ‘ಏನೋ’, ‘ಅಲ್ಲವೇ’, ‘ಛೆ’.

ತೊಡಕುಗಳೂ ಇವೆ. ‘ನಾನು’ ಎಂದು ಹೇಳುವ ಕಾದಂಬರಿಯಲ್ಲಿ ನಿರೂಪಕನ ಸ್ವಂತ ಯೋಚನೆಗೆ ಈ ಉಪಾಯ ನಡೆಯುವುದಿಲ್ಲ. ಜಗಲಿಯಲ್ಲಿ ಇಬ್ಬರು ಹೆಂಗಸರು ಕೂತಿದ್ದರೆ ‘ತಾನು’ ಯಾರೆಂದು ಓದುಗರು ಹಿಂದಿನ ಸಾಲಿಗೆ ಹೋಗಿ ಹುಡುಕಬೇಕಾಗುತ್ತದೆ.

ಇದನ್ನೆಲ್ಲ ಗಮನದಲ್ಲಿಟ್ಟು ಮತ್ತೆ ಬರೆದದ್ದು ಇದು.

(ಪರದೆಯ ಮೇಲೆ ಹೊಸ ಸಾಲುಗಳು)

“ಪಾರ್ವತಮ್ಮ ಜಗಲಿಯಲ್ಲಿ ಕೂತಳು. ಮಗ ಹೇಳುವುದು ಸರಿಯೇನೋ. ಈ ವಯಸ್ಸಿನಲ್ಲಿ ತಾನೊಬ್ಬಳೇ ಕೊನೆ ಕೊಯ್ಯುವವರ ಹಿಂದೆ ಎಷ್ಟು ವರ್ಷ ಓಡಾಡುವುದು? ಬಾವಿಯ ಪಕ್ಕದ ಸಾಲು ಅವರು ನೆಟ್ಟದ್ದು. ಜ್ವರದಲ್ಲೂ ಗೊಬ್ಬರದ ಬುಟ್ಟಿ ಹೊತ್ತು ಹೋಗಿದ್ದು ನೆನಪಾಯಿತು. ಸಹಿ ಹಾಕಿದರೆ ಆ ಸಾಲು ಹೋಗುತ್ತದೆ. ಹಾಕದಿದ್ದರೆ ಮಗ ಹೋಗುತ್ತಾನೆ. ಮೆಟ್ಟಿಲ ಮೇಲೆ ಅವನ ಬೂಟು ಮಾತ್ರ ಇತ್ತು. ಸೊಸೆ ಈ ಸಲವೂ ಬಂದಿಲ್ಲ. ಅವಳಿಗೆ ಈ ವಿಷಯ ಗೊತ್ತೇ ಇಲ್ಲವೇ? ಪಾರ್ವತಮ್ಮ ದೀಪ ಆರಿಸಲಿಲ್ಲ. ಬೆಳಗಿನ ತನಕ ಯೋಚಿಸಿದಳು.”

ಹಳೆಯ ಪುಟದಲ್ಲಿ ‘ಗಂಡ’ ಎಂದಿದ್ದದ್ದು ಇಲ್ಲಿ ‘ಅವರು’ ಆಗಿದೆ. ಗಂಡ ಎನ್ನುವುದು ನಿರೂಪಕನ ಮಾತು. ಪಾರ್ವತಮ್ಮ ಮನಸ್ಸಿನಲ್ಲೂ ಹಾಗೆ ಹೇಳುವವಳಲ್ಲ.

ಈ ಸಾಲುಗಳಲ್ಲಿ ‘ಯೋಚಿಸಿದಳು’ ಒಂದೇ ಕಡೆ ಉಳಿದಿದೆ. ಅದನ್ನು ತೆಗೆಯಬೇಡಿ ಎಂದು ನನ್ನ ಗೆಳೆಯರೇ ಹೇಳಿದರು. ಅದಕ್ಕೆ ಮೊದಲಿನದೆಲ್ಲ ಅವಳಿಗೆ ಬಂದದ್ದು. ದೀಪ ಆರಿಸದೆ ಕೂತ ಮೇಲಿನದು ಮಾತ್ರ ಅವಳು ಮಾಡಿದ್ದು.