ಬೈದರೂ ಸರಿ, ಏಕವಚನ ಬೇಡ

ಎಲ್ಲರಿಗೂ ನಮಸ್ಕಾರ.

ನಮ್ಮ ಕಡೆ ಜಗಳ ಮುಗಿದ ಮೇಲೆ ಹಿರಿಯರ ದೂರು ಹೇಗಿರುತ್ತದೆ ನೋಡಿ. "ಅವನು ನನ್ನನ್ನು ಕತ್ತೆ ಅಂದ" ಎಂಬುದು ಆಮೇಲೆ ಬರುತ್ತದೆ. ಮೊದಲು ಬರುವ ಮಾತು, "ಏಕವಚನದಲ್ಲಿ ಮಾತಾಡಿದ ಮಾರಾಯ್ರೇ!" ಬೈಗುಳ ಸಿಟ್ಟಿನಲ್ಲಿ ಬಾಯಿಂದ ಹಾರಿದ್ದು ಎಂದು ಬಿಡಬಹುದು. ಏಕವಚನ ಹಾಗಲ್ಲ. ಅದು ಎದುರಿನವರ ಸ್ಥಾನವನ್ನೇ ಕೆಳಗಿಳಿಸುತ್ತದೆ. ಸಿಟ್ಟಿಲ್ಲದ ತಣ್ಣನೆ ದನಿಯಲ್ಲಿ ಬಂದರಂತೂ ಇನ್ನೂ ಚುಚ್ಚುತ್ತದೆ. "ನಿಮಗೆ ಬುದ್ಧಿ ಇದೆಯೇನ್ರೀ?" ಎಂದರೆ ಅದು ಒರಟು ಮಾತು, ಆದರೆ ಮರ್ಯಾದೆಯ ಗೆರೆಯೊಳಗೇ ಇದೆ. "ಯಾವಾಗ ಬಂದೆ?" ಎಂಬುದರಲ್ಲಿ ಕೆಟ್ಟ ಮಾತೇ ಇಲ್ಲ. ಆದರೂ ಅಪರಿಚಿತ ಎಪ್ಪತ್ತರ ಹಿರಿಯರಿಗೆ ಕೇಳಿದರೆ ಆ ಗೆರೆ ಅಲ್ಲಿಗೇ ಅಳಿಸಿಹೋಯಿತು.

ಈ ಎರಡನೇ ವಾಕ್ಯದಲ್ಲಿ "ನೀನು" ಎಲ್ಲೂ ಇಲ್ಲ ಎಂಬುದನ್ನು ಗಮನಿಸಿ. ಹೆಚ್ಚಿನವರು ಎಡವುವುದೇ ಇಲ್ಲಿ. "ನೀವು" ಎಂದು ಕಲಿತರೆ ಸಾಕು ಎಂದುಕೊಳ್ಳುತ್ತಾರೆ. ಕನ್ನಡದ ಆಡುಮಾತಿನಲ್ಲಿ ಸರ್ವನಾಮ ಬಿಟ್ಟೇ ಹೋಗುತ್ತದೆ, ಮರ್ಯಾದೆ ಕೂತಿರುವುದು ಕ್ರಿಯಾಪದದ ಬಾಲದಲ್ಲಿ: ಬಂದೆ, ಬಂದ್ರಿ, ತಂದಿದ್ದೀಯ, ತಂದಿದ್ದೀರ, ಬಾ, ಬನ್ನಿ. "ನೀವು ಸ್ವಲ್ಪ ಈಚೆ ಬಾ" ಎಂದರೆ ಕೇಳುವವರಿಗೆ ಉಳಿಯುವುದು "ಬಾ" ಮಾತ್ರ.

ಸಾಗರದ ಒಂದು ಅಡಿಕೆ ಮಂಡಿ ಎಂದುಕೊಳ್ಳಿ. ಹೊಸದಾಗಿ ಸೇರಿದ ಹುಡುಗ ಗುಮಾಸ್ತ, ಎದುರಿಗೆ ಚೀಲ ಇಳಿಸಿಕೊಂಡು ನಿಂತ ಹಿರಿಯ ಬೆಳೆಗಾರರು. ಹುಡುಗ ಶುರುಮಾಡಿದ್ದು ಸರಿಯಾಗಿಯೇ: "ಹೆಗಡೇರೇ, ಚೀಲ ಈ ಕಡೆ ಇಡ್ಸಿ." ಆಮೇಲೆ ಪುಸ್ತಕದಲ್ಲಿ ಬರೆಯುತ್ತಾ, ತಲೆ ಎತ್ತದೆ, "ಎಷ್ಟು ತಂದಿದ್ದೀಯ?" ಹೆಗಡೆಯವರು ಕೂಗಾಡುವುದಿಲ್ಲ. ಉತ್ತರ ಹುಡುಗನಿಗೆ ಬರದೆ ಮಂಡಿ ಯಜಮಾನರ ಕಡೆ ಹೋಗುತ್ತದೆ: "ಹತ್ತು ಚೀಲ ಉಂಟು, ಬರ್ಕೊಳ್ಳಕ್ಕೆ ಹೇಳಿ." ಇದು ಮೊದಲ ಸೂಚನೆ. ಎರಡನೆಯದು, ಹುಡುಗನಿಗೇ ತಿರುಗಿ ಬರುವ ಅತಿ ವಿನಯ: "ತಾವು ಯಾವೂರಿನವರು?" ಚಿಕ್ಕವನಿಗೆ "ತಾವು" ಬಂತೆಂದರೆ ಅದು ಗೌರವವಲ್ಲ, ಬಾಗಿಲು ಹಾಕಿದ್ದು. ಮೂರನೆಯದು ಮಲೆನಾಡಿನ ಖಾಸಾ ಏಟು: "ಯಾರ ಮನೆ ಹುಡುಗನೋ ನೀನು?" ತಪ್ಪಿನ ಲೆಕ್ಕ ಅಪ್ಪ ಅಮ್ಮನ ಖಾತೆಗೆ ಹೋಯಿತು.

ಸರಿಪಡಿಸಲು ದೀರ್ಘ ವಿವರಣೆ ಬೇಡ. "ನಮ್ಮನೇಲಿ ಹಾಗೇ ಮಾತಾಡೋದು" ಎಂದರೆ ಇನ್ನೂ ಕೆಡುತ್ತದೆ. ಪೆನ್ನು ಕೆಳಗಿಟ್ಟು, ಮುಖ ನೋಡಿ, ಅದೇ ವಾಕ್ಯವನ್ನು ಸರಿಯಾದ ಬಾಲದೊಂದಿಗೆ ಹೇಳಬೇಕು: "ತಪ್ಪಾಯ್ತು ಹೆಗಡೇರೇ, ಎಷ್ಟು ತಂದಿದ್ದೀರ?" ಮುಂದಿನ ನಾಲ್ಕೈದು ವಾಕ್ಯಗಳಲ್ಲಿ ಬಹುವಚನ ಒಮ್ಮೆಯೂ ಜಾರಬಾರದು. ಹಿರಿಯರು ಕ್ಷಮೆಯ ಮಾತಿಗಿಂತ ಅದನ್ನು ಗಮನಿಸುತ್ತಿರುತ್ತಾರೆ.

ಗೊತ್ತಾಗದಿದ್ದಾಗ ನಮ್ಮವರದ್ದೇ ಒಂದು ಉಪಾಯವಿದೆ. "ಊಟ ಆಯ್ತಾ?", "ಚೀಲ ಎಷ್ಟುಂಟು?" ಇವುಗಳಲ್ಲಿ ಕ್ರಿಯಾಪದ ಊಟಕ್ಕೆ, ಚೀಲಕ್ಕೆ ಹೊಂದಿಕೊಳ್ಳುತ್ತದೆ; ಎದುರಿನವರು ನೀನೋ ನೀವೋ ಎಂದು ತೀರ್ಮಾನಿಸುವ ಗೋಜಿಲ್ಲ. ಎರಡು ಮೂರು ವಾಕ್ಯ ಹೀಗೆ ಸಾಗಿಸಬಹುದು. ಅದಕ್ಕಿಂತ ಮುಂದೆ ಹೋದರೆ ತಪ್ಪಿಸಿಕೊಳ್ಳುತ್ತಿರುವುದು ಗೊತ್ತಾಗುತ್ತದೆ.

ಹಾಗೆಂದು ಏಕವಚನವೆಲ್ಲ ಅವಮಾನವಲ್ಲ. ಅಮ್ಮನಿಗೆ ನೀನು, ದೇವರಿಗೂ ನೀನು. ಕೆಲವು ಮನೆಗಳಲ್ಲಿ ಅಪ್ಪನಿಗೆ ನೀನು, ಪಕ್ಕದ ಮನೆಯಲ್ಲೇ ನೀವು, ಎರಡೂ ಸರಿ. "ನಮ್ಮಜ್ಜ ಬಂದ" ಎನ್ನುವ ಮೊಮ್ಮಗ ಪ್ರೀತಿಯಿಂದಲೇ ಹೇಳುವುದು. ಅವನ ಗೆಳೆಯ ಅದನ್ನು ಕೇಳಿ "ನಿಮ್ಮಜ್ಜ ಬಂದ ನೋಡು" ಎಂದರೆ ಮಾತ್ರ ಕೆಟ್ಟಿತು, ಅವನು "ಬಂದ್ರು" ಎನ್ನಬೇಕು. ಹವ್ಯಕರ ಮನೆಗಳಲ್ಲಿ ಹೆಂಗಸರ ಬಗ್ಗೆ "ಬಂತು, ಹೋತು" ಎಂದು ನಪುಂಸಕ ಲಿಂಗ ಬಳಸುವುದುಂಟು. ಹೊರಗಿನವರಿಗೆ ಅದು ವಿಚಿತ್ರವಾಗಿ ಕೇಳುತ್ತದೆ, ಒಳಗೆ ಅದರಲ್ಲಿ ತಾತ್ಸಾರವಿಲ್ಲ.

ಈ ಮರ್ಯಾದೆ ಬರೀ ವಯಸ್ಸಿನದ್ದು ಎಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಒಡೆಯರ ಮನೆಯ ಹತ್ತು ವರ್ಷದ ಹುಡುಗ ಅರವತ್ತರ ಆಳಿಗೆ "ಬಾರೋ" ಎನ್ನುತ್ತಿದ್ದ, ಆಳು ಹುಡುಗನಿಗೆ ಬಹುವಚನ ಕೊಡುತ್ತಿದ್ದ. ಯಾರೂ ಅದನ್ನು ಅಗೌರವ ಎನ್ನಲಿಲ್ಲ, ಏಕೆಂದರೆ ಹಾಗೆನ್ನುವ ಹಕ್ಕು ಆಳಿಗಿರಲಿಲ್ಲ. ಇವತ್ತಿಗೂ ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡನಿಗೆ, ಆಟೋ ಓಡಿಸುವವರಿಗೆ, ಮನೆಗೆಲಸದ ಹೆಂಗಸಿಗೆ, ವಯಸ್ಸು ನೋಡದೆ ಸಲೀಸಾಗಿ "ಬಾ, ಹೋಗು" ಬರುತ್ತದೆ. ನಾನು ಈಗಷ್ಟೇ "ಕೊನೆಗೌಡನಿಗೆ" ಎಂದೆ, ನೀವೂ ಗಮನಿಸಿರಬಹುದು. "ಕೊನೆಗೌಡರಿಗೆ" ಎನ್ನಬೇಕಿತ್ತು.