ಚುಕ್ಕಿಗಳ ಹಿಂದಿನ ಪಾಸ್‌ವರ್ಡ್

ಕೇಳುಗರಿಗೆ ನಮಸ್ಕಾರ.

ನಮ್ಮ ಅಕ್ಕ ಹೈಸ್ಕೂಲ್ ಟೀಚರ್. ಮಕ್ಕಳ ಅಂಕಗಳನ್ನು ಆನ್‌ಲೈನಿನಲ್ಲಿ ತುಂಬುವುದು ಹೇಗೆ ಅಂತ ಹೊಸ ಟೀಚರುಗಳು ಅವಳನ್ನು ಮತ್ತೆ ಮತ್ತೆ ಕೇಳುತ್ತಿದ್ದರು. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿ, ಅವಳು ತನ್ನ ಮೊಬೈಲಿನ ಸ್ಕ್ರೀನ್ ರೆಕಾರ್ಡ್ ಮಾಡಿದಳು. ಎರಡು ನಿಮಿಷ ನಲವತ್ತು ಸೆಕೆಂಡಿನ ವಿಡಿಯೋ. ಅದನ್ನು ಟೀಚರುಗಳ ವಾಟ್ಸಾಪ್ ಗುಂಪಿಗೆ ಹಾಕಿದಳು. ಅರ್ಧ ಗಂಟೆಗೆ ಹಿರಿಯ ಮೇಷ್ಟ್ರೊಬ್ಬರು ಫೋನ್ ಮಾಡಿದರು. "ಮೇಡಂ, ನಿಮ್ಮ ಪಾಸ್‌ವರ್ಡ್ ಓದಕ್ಕೆ ಬರ್ತಾ ಇದೆ, ನೋಡ್ಕೊಳ್ಳಿ" ಅಂದರು.

ಅಕ್ಕನಿಗೆ ನಂಬಿಕೆ ಬರಲಿಲ್ಲ. ಪಾಸ್‌ವರ್ಡ್ ಜಾಗದಲ್ಲಿ ಬರೀ ಚುಕ್ಕಿಗಳೇ ಇದ್ದವಲ್ಲ! ಸಂಜೆ ಇಬ್ಬರೂ ಕೂತು ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆವು. ಅವತ್ತು ಕಣ್ಣಿಗೆ ಬಿದ್ದದ್ದನ್ನೇ ನಿಮಗೂ ಹೇಳುತ್ತೇನೆ.

ಮೊದಲನೆಯದು ಆ ಚುಕ್ಕಿಗಳು. ಆಂಡ್ರಾಯ್ಡ್ ಫೋನಿನಲ್ಲಿ ಪಾಸ್‌ವರ್ಡ್ ಬರೆಯುವಾಗ, ಒತ್ತಿದ ಅಕ್ಷರ ಒಂದು ಕ್ಷಣ ಕಂಡು ಆಮೇಲೆ ಚುಕ್ಕಿಯಾಗುತ್ತದೆ. ಬರೆಯುವವರಿಗೆ ಅನುಕೂಲ ಆಗಲಿ ಅಂತ ಹಾಗೆ ಮಾಡಿದ್ದಾರೆ. ರೆಕಾರ್ಡಿಂಗಿನಲ್ಲಿ ಆ ಕ್ಷಣವೂ ಸೇರಿಹೋಗುತ್ತದೆ. ಸೆಕೆಂಡಿಗೆ ಮೂವತ್ತು ಚಿತ್ರ ಹಿಡಿಯುವ ವಿಡಿಯೋದಲ್ಲಿ ಅರ್ಧ ಸೆಕೆಂಡ್ ಅಂದರೂ ಹದಿನೈದು ಚಿತ್ರ. ಓಡುವ ವಿಡಿಯೋದಲ್ಲಿ ಗೊತ್ತಾಗದ್ದು ನಿಲ್ಲಿಸಿದರೆ ಚೆನ್ನಾಗಿಯೇ ಓದಬಹುದು. ಸೆಟ್ಟಿಂಗ್ಸ್‌ನಲ್ಲಿ Show passwords ಅಂತ ಹುಡುಕಿ ಅದನ್ನು ಆಫ್ ಮಾಡಿದರೆ ಅಕ್ಷರ ಮಿಂಚುವುದು ನಿಲ್ಲುತ್ತದೆ.

ಆದರೆ ಅಕ್ಕನ ವಿಡಿಯೋದಲ್ಲಿ ಇನ್ನೊಂದು ತೂತು ಇತ್ತು. ರೆಕಾರ್ಡ್ ಶುರುಮಾಡುವಾಗ Show touches on screen ಅನ್ನುವುದನ್ನು ಆನ್ ಮಾಡಿದ್ದಳು. ಎಲ್ಲಿ ಒತ್ತಬೇಕು ಅಂತ ನೋಡುವವರಿಗೆ ತಿಳಿಯಲಿ ಅಂತ. ಬೆರಳಿಟ್ಟ ಕಡೆಯೆಲ್ಲ ಒಂದು ಬಿಳಿ ಬೊಟ್ಟು ಮೂಡುತ್ತದೆ. ಪಾಠಕ್ಕೆ ಅದು ಬಹಳ ಒಳ್ಳೆಯದು. ಪಾಸ್‌ವರ್ಡ್ ಬರೆಯುವಾಗ ಮಾತ್ರ ಆ ಬೊಟ್ಟು ಕೀಬೋರ್ಡಿನ ಮೇಲೆ ಒಂದೊಂದೇ ಅಕ್ಷರವನ್ನು ಮುಟ್ಟಿ ತೋರಿಸುತ್ತಾ ಹೋಗಿತ್ತು! ಮೇಷ್ಟ್ರು ಓದಿದ್ದು ಅದನ್ನೇ. ಹಾಗಾಗಿ ಪಾಸ್‌ವರ್ಡ್ ಜಾಗವನ್ನು ಮಾತ್ರ ಮುಚ್ಚಿದರೆ ಸಾಲದು, ಕೆಳಗಿನ ಕೀಬೋರ್ಡನ್ನೂ ಮುಚ್ಚಬೇಕು. ಕೀಬೋರ್ಡಿನ ಮೇಲ್ಗಡೆ ಸಲಹೆಯ ಪಟ್ಟಿಯೊಂದು ಇರುತ್ತದಲ್ಲ, ಅದರಲ್ಲಿ ನೀವು ಹಿಂದೆ ಬರೆದ ಇಮೇಲೋ ಈಗಷ್ಟೇ ಕಾಪಿ ಮಾಡಿದ ನಂಬರೋ ಕಾಣಬಹುದು. ಅದನ್ನೂ ಬಿಡಬೇಡಿ.

ಪಾಸ್‌ವರ್ಡಿನ ವಿಷಯ ನಮ್ಮ ಕೈಯಲ್ಲಿತ್ತು, ಅವತ್ತೇ ಬದಲಾಯಿಸಿದಳು. ನನಗೆ ಜಾಸ್ತಿ ಸಂಕಟವಾದದ್ದು ವಿಡಿಯೋದ ಕೊನೆ ನೋಡಿದಾಗ. ರೆಕಾರ್ಡಿಂಗ್ ನಿಲ್ಲಿಸಲು ಅಕ್ಕ ಮೇಲಿನಿಂದ ನೋಟಿಫಿಕೇಶನ್ ಪರದೆ ಎಳೆದಿದ್ದಾಳೆ. ಆ ಎಳೆದದ್ದೂ ರೆಕಾರ್ಡ್ ಆಗಿದೆ. ಅಲ್ಲಿ ಒಬ್ಬ ಹುಡುಗಿಯ ತಂದೆ ಕಳಿಸಿದ ಮೆಸೇಜ್ ಇತ್ತು. ಮಗುವಿನ ಹೆಸರು, ಅವಳಿಗೆ ಏನು ಕಾಯಿಲೆ ಅನ್ನುವುದು, ಅವರ ಫೋನ್ ನಂಬರ್, ಎಲ್ಲವೂ ಎರಡು ಸೆಕೆಂಡ್ ನಿಚ್ಚಳವಾಗಿ ಕಾಣುತ್ತಿದ್ದವು. ಆ ತಂದೆ ಅದನ್ನು ಟೀಚರಿಗೆ ಅಂತ ಬರೆದದ್ದು, ಊರಿಗೆ ಅಂತ ಅಲ್ಲ.

ಹೀಗೆ ನಿಲ್ಲಿಸಿದ ರೆಕಾರ್ಡಿಂಗಿನ ಬಾಲದಲ್ಲಿ ಈ ಪರದೆ ಇದ್ದೇ ಇರುತ್ತದೆ. ಕೊನೆಯ ಮೂರು ನಾಲ್ಕು ಸೆಕೆಂಡನ್ನು ಕತ್ತರಿಸಿಬಿಡಿ. ಗ್ಯಾಲರಿಯಲ್ಲೇ ಟ್ರಿಮ್ ಮಾಡಬಹುದು, ಬೇರೆ ಆ್ಯಪ್ ಬೇಡ. ರೆಕಾರ್ಡ್ ಮಾಡುವ ಮೊದಲು ನೋಟಿಫಿಕೇಶನ್‌ಗಳನ್ನೆಲ್ಲ ಅಳಿಸಿ, ಡು ನಾಟ್ ಡಿಸ್ಟರ್ಬ್ ಹಾಕಿ. ಅದರಿಂದ ಕೆಲವು ಫೋನುಗಳಲ್ಲಿ ಸದ್ದು ಮಾತ್ರ ನಿಲ್ಲುತ್ತದೆ, ಮೆಸೇಜ್ ಕಾಣುತ್ತಲೇ ಇರುತ್ತದೆ. ಅದಕ್ಕೆ ಇನ್ನೊಂದು ಫೋನಿನಿಂದ ನಿಮಗೇ ಒಂದು ಮೆಸೇಜ್ ಕಳಿಸಿ ನೋಡಿಕೊಳ್ಳಿ.

ಇನ್ನು ಮುಚ್ಚುವ ಕೆಲಸ. ಅಕ್ಕ ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ವಿಡಿಯೋ ಎಡಿಟಿಂಗ್ ಆ್ಯಪಿನಲ್ಲಿ ಮೊಸಾಯಿಕ್ ಅಂತ ಇರುತ್ತದೆ, ಚೌಕ ಚೌಕವಾಗಿ ಮಸುಕು ಮಾಡುತ್ತದೆ. ಟೀವಿಯಲ್ಲಿ ಮುಖ ಮರೆಸುವುದೂ ಹೀಗೇ ಅಲ್ವಾ, ಸಾಕು ಅನ್ನಿಸುತ್ತದೆ. ಅಕ್ಷರ, ಅಂಕಿಗಳಿಗೆ ಅದು ಸಾಲದು. ಕಾರಣ ಹೇಳುತ್ತೇನೆ. ಮೊಸಾಯಿಕ್‌ನ ಒಂದೊಂದು ಚೌಕಕ್ಕೂ ಅದರ ಅಡಿಯಲ್ಲಿದ್ದ ಬಣ್ಣಗಳ ಸರಾಸರಿ ಬರುತ್ತದೆ. ಅಂದರೆ ಅಡಿಯಲ್ಲಿದ್ದ ಅಂಕಿಯ ನೆರಳು ಅಲ್ಲಿ ಉಳಿದೇ ಇರುತ್ತದೆ. ಫೋನ್ ನಂಬರಿನಲ್ಲಿ ಒಂದೊಂದು ಜಾಗಕ್ಕೂ ಸೊನ್ನೆಯಿಂದ ಒಂಬತ್ತರವರೆಗೆ ಹತ್ತೇ ಸಾಧ್ಯತೆ. ಅದೇ ಅಕ್ಷರಶೈಲಿಯಲ್ಲಿ ಹತ್ತನ್ನೂ ಬರೆದು, ಹಾಗೆಯೇ ಮಸುಕು ಮಾಡಿ, ಯಾವುದು ಹೊಂದುತ್ತದೆ ಅಂತ ಕಂಪ್ಯೂಟರ್ ಹೋಲಿಸಿ ನೋಡಬಲ್ಲದು. ಈ ಕೆಲಸಕ್ಕೆಂದೇ 2020ರ ಡಿಸೆಂಬರಿನಲ್ಲಿ ಡೀಪಿಕ್ಸ್ ಅನ್ನುವ ತಂತ್ರಾಂಶ ಎಲ್ಲರಿಗೂ ಉಚಿತವಾಗಿ ಸಿಕ್ಕಿತು. ಅದು ಎಲ್ಲ ಚಿತ್ರದ ಮೇಲೂ ನಡೆಯುವುದಿಲ್ಲ ನಿಜ. ಆದರೆ ವಿಡಿಯೋದಲ್ಲಿ ಅಪಾಯ ಫೋಟೋಗಿಂತ ಜಾಸ್ತಿ. ಪುಟ ಚೂರು ಸರಿದರೆ ಅದೇ ಅಂಕಿ ಬೇರೆ ಚೌಕಗಳಿಗೆ ಬೀಳುತ್ತದೆ. ಒಂದೊಂದು ಚಿತ್ರವೂ ಹೊಸದೊಂದು ಸುಳಿವು ಕೊಡುತ್ತದೆ.

ಅದಕ್ಕೆ ನಾವು ಗಟ್ಟಿ ಕಪ್ಪು ಪಟ್ಟಿ ಹಾಕಿದೆವು. ಅಡಿಯಲ್ಲಿ ಏನಿದ್ದರೂ ಮೇಲೆ ಬರೀ ಕಪ್ಪು, ಆಗ ಹೋಲಿಸಲು ಏನೂ ಉಳಿಯುವುದಿಲ್ಲ. ಆ್ಯಪಿನಲ್ಲಿ ಪಟ್ಟಿ ಸಿಗದಿದ್ದರೆ ಕಪ್ಪು ಬಣ್ಣದ ಒಂದು ಫೋಟೋವನ್ನೇ ವಿಡಿಯೋದ ಮೇಲೆ ಅಂಟಿಸಬಹುದು. ಅರೆಪಾರದರ್ಶಕ ಆಗದಂತೆ ನೋಡಿಕೊಳ್ಳಿ. ನಂಬರ್ ಕಾಣುವ ಅರ್ಧ ಸೆಕೆಂಡ್ ಮೊದಲೇ ಪಟ್ಟಿ ಬರಲಿ, ಮರೆಯಾದ ಅರ್ಧ ಸೆಕೆಂಡ್ ಆದಮೇಲೆ ಹೋಗಲಿ. ಅಗಲವೂ ಧಾರಾಳವಾಗಿರಲಿ, ಇಲ್ಲದಿದ್ದರೆ ಎಷ್ಟು ಅಕ್ಷರ ಅಂತ ಲೆಕ್ಕ ಸಿಗುತ್ತದೆ. ಪುಟ ಸರಿಯುವ ಕಡೆ ಪಟ್ಟಿ ನಿಂತಲ್ಲೇ ನಿಂತು, ನಂಬರ್ ಅದರಡಿಯಿಂದ ಜಾರಿ ಹೊರಗೆ ಬರುತ್ತದೆ. ಅಂಥ ಕಡೆ ಮುಚ್ಚಲು ಹೆಣಗಬೇಡಿ, ಆ ತುಂಡನ್ನೇ ಕತ್ತರಿಸಿ. ಲಾಗಿನ್ ಭಾಗವನ್ನು ನಾವು ಪೂರಾ ತೆಗೆದು, "ಇಲ್ಲಿ ನಿಮ್ಮ ಪಾಸ್‌ವರ್ಡ್ ಹಾಕಿ" ಅಂತ ಬರೆದ ಒಂದು ಹಾಳೆಯ ಚಿತ್ರ ಇಟ್ಟೆವು. ಹೊಸಬರಿಗೆ ಅದೇ ಜಾಸ್ತಿ ಅರ್ಥವಾಯಿತು.

ಇಷ್ಟೆಲ್ಲ ಆದಮೇಲೆ ಅಕ್ಕನ ಧ್ವನಿ ನೆನಪಾಯಿತು. "ಮೊಬೈಲ್ ನಂಬರ್ ಹಾಕಬೇಕು" ಅನ್ನುತ್ತಾ ಹತ್ತೂ ಅಂಕಿಗಳನ್ನು ಜೋರಾಗಿ ಓದಿದ್ದಳು. ಚಿತ್ರ ಮುಚ್ಚಿದರೆ ಮಾತು ಮುಚ್ಚುವುದಿಲ್ಲವಲ್ಲ. ಅಷ್ಟು ಹೊತ್ತಿನ ಧ್ವನಿಯನ್ನೂ ಸೊನ್ನೆ ಮಾಡಿದೆವು.

ಎಡಿಟ್ ಮಾಡಿ ಉಳಿಸಿದ ಹೊಸ ವಿಡಿಯೋ ಗ್ಯಾಲರಿಯಲ್ಲಿ ಹಳೆಯದರ ಪಕ್ಕದಲ್ಲೇ ಕೂತಿರುತ್ತದೆ. ನೋಡಲು ಎರಡೂ ಒಂದೇ ಥರ. ಅವಸರದಲ್ಲಿ ಹಳೆಯದನ್ನೇ ಕಳಿಸುವುದು ತೀರಾ ಸುಲಭ. ಕಳಿಸುವ ಮೊದಲು ಹೊಸದನ್ನು ದೊಡ್ಡ ಸ್ಕ್ರೀನಿನಲ್ಲಿ ಒಮ್ಮೆ ನಿಧಾನವಾಗಿ ನೋಡಿ. ಕಂಪ್ಯೂಟರಿನಲ್ಲಿ ವಿಎಲ್‌ಸಿ ಪ್ಲೇಯರ್ ಇದ್ದರೆ ಕೀಬೋರ್ಡಿನ ಇಂಗ್ಲಿಷ್ ಇ ಅಕ್ಷರ ಒತ್ತುತ್ತಾ ಹೋಗಿ, ಒಂದೊಂದೇ ಚಿತ್ರ ಮುಂದೆ ಸರಿಯುತ್ತದೆ. ಪಟ್ಟಿ ಶುರುವಾಗುವ ಮತ್ತು ಮುಗಿಯುವ ಜಾಗದಲ್ಲಿ ಹಾಗೆ ನೋಡಿದರೆ ಸಾಕು. ನಮಗೆ ಅಲ್ಲೇ ಒಂದು ಕಡೆ ಮೂರು ಚಿತ್ರಗಳಲ್ಲಿ ನಂಬರ್ ಇಣುಕುತ್ತಿರುವುದು ಸಿಕ್ಕಿತು.

ಗುಂಪಿಗೆ ಹಾಕಿದ್ದ ಮೊದಲ ವಿಡಿಯೋವನ್ನು ಅಕ್ಕ ಅವತ್ತೇ ಎಲ್ಲರಿಗೂ ಕಾಣದಂತೆ ಡಿಲೀಟ್ ಮಾಡಿದಳು. ವಾಟ್ಸಾಪ್ ಇದಕ್ಕೆ ಎರಡು ದಿನ ದಾಟಿ ಸ್ವಲ್ಪ ಹೊತ್ತಿನವರೆಗೆ ಮಾತ್ರ ಅವಕಾಶ ಕೊಡುತ್ತದೆ. ಅಷ್ಟರಲ್ಲಿ ಯಾರಾದರೂ ಬೇರೆ ಕಡೆ ಫಾರ್ವರ್ಡ್ ಮಾಡಿದ್ದರೆ ಆ ಪ್ರತಿ ಹಾಗೇ ಇರುತ್ತದೆ. ಫಾರ್ವರ್ಡ್ ಮಾಡಿದವರು ಅಳಿಸಿಬಿಡಿ ಅಂತ ಗುಂಪಿನಲ್ಲಿ ಬರೆದಳು. ಆಮೇಲೆ ಆ ಹುಡುಗಿಯ ತಂದೆಗೆ ಫೋನ್ ಮಾಡಿ, ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದಳು.